ಕಾಕಾಗೆ ಕೊಟ್ಟ ಮಾತು, ಹುಡುಗಿಯ ಫೀ

ಪ್ರಶ್ನೆ: ನಮ್ಮ ಕಾಕಾಗೆ ಕುಸ್ತಿ ಅಂದರೆ ಜೀವ. ಮಕ್ಕಳಿರಲಿಲ್ಲ. ತೀರಿಕೊಳ್ಳುವ ಮುಂಚೆ ನನ್ನ ಕೈಗೆ ಒಂದೂವರೆ ಲಕ್ಷ ರೂಪಾಯಿ ಕೊಟ್ಟು, 'ಮುಂದಿನ ಜಾತ್ರಿ ಕುಸ್ತಿಗೆ ಬೆಳ್ಳಿ ಗದಾ ಮಾಡಿಸಿ ಕೊಡು' ಎಂದರು. ಆಗಲಿ ಎಂದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಈಗ ಪಕ್ಕದ ಮನೆ ಹುಡುಗಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಫೀ ಕಟ್ಟಲು ದುಡ್ಡಿಲ್ಲ. ಹೆಚ್ಚು ಒಳ್ಳೆಯದಾಗುವ ಕೆಲಸವೇ ಸರಿಯಾದ ಕೆಲಸ ಅನ್ನುವುದಾದರೆ, ಮಾತು ಮುರಿದು ಆಕೆಗೆ ಕೊಡುವುದೇ ಸರಿ ಅಲ್ವಾ?
– ಓದುಗರೊಬ್ಬರು, ಹಾವೇರಿ ತಾಲೂಕು

ಉತ್ತರ: ಫಲ ನೋಡಿ ಸರಿ-ತಪ್ಪು ಹೇಳುವವರನ್ನು ಉಪಯುಕ್ತತಾವಾದಿಗಳು ಅನ್ನುತ್ತೇವೆ. ಆದರೆ ನಿಮ್ಮ ಪ್ರಶ್ನೆಗೆ ಅವರೆಲ್ಲ ಒಂದೇ ಉತ್ತರ ಕೊಡುವುದಿಲ್ಲ. ಕೃತ್ಯ ಉಪಯುಕ್ತತಾವಾದಿ ನಿಮ್ಮ ಈ ಒಂದು ಕೆಲಸದ ಫಲವನ್ನು ಎಣಿಸುತ್ತಾನೆ. ನಿಯಮ ಉಪಯುಕ್ತತಾವಾದಿ ಎಣಿಸುವುದು ನಿಯಮದ ಫಲವನ್ನು: ಎಲ್ಲರೂ ಯಾವ ನಿಯಮವನ್ನು ಮನಸ್ಸಿಗೆ ಹಚ್ಚಿಕೊಂಡರೆ ಹೆಚ್ಚು ಒಳ್ಳೆಯದಾಗುತ್ತದೆ, ನೀವು ಆ ನಿಯಮದಂತೆ ನಡೆದಿರಾ ಎಂದು ನೋಡುತ್ತಾನೆ. ಎಷ್ಟೋ ಸಲ ಇಬ್ಬರೂ ಒಂದೇ ತೀರ್ಪು ಕೊಡುತ್ತಾರೆ. ನಿಮ್ಮಂಥ ಗುಟ್ಟಿನ ಮಾತಿನಲ್ಲಿ ಮಾತ್ರ ಜಗಳ ಶುರು.

ಹೆಚ್ಚುಕಡಿಮೆ ನಿಮ್ಮದೇ ಪ್ರಶ್ನೆಯನ್ನು ಆಸ್ಟ್ರೇಲಿಯಾದಲ್ಲಿ ಪಾಠ ಮಾಡುತ್ತಿದ್ದ ತತ್ವಜ್ಞಾನಿ ಜೆ.ಜೆ.ಸಿ. ಸ್ಮಾರ್ಟ್ 1956ರಲ್ಲಿ ಎತ್ತಿದ್ದರು. ಯಾರೂ ಇಲ್ಲದ ದ್ವೀಪದಲ್ಲಿ ಗೆಳೆಯ ಸಾಯುತ್ತಿದ್ದಾನೆ. ತನ್ನ ಆಸ್ತಿಯನ್ನು ಕುದುರೆ ಓಟದ ಕ್ಲಬ್ಬಿಗೆ ಮುಟ್ಟಿಸು ಎಂದು ಮಾತು ತೆಗೆದುಕೊಳ್ಳುತ್ತಾನೆ. ಬದುಕಿ ಬಂದವನಿಗೆ ಅದನ್ನು ಆಸ್ಪತ್ರೆಗೆ ಕೊಟ್ಟರೆ ಒಳ್ಳೆಯದು ಅನ್ನಿಸುತ್ತದೆ. ಸ್ಮಾರ್ಟ್ ಕೃತ್ಯದ ಪಕ್ಷದವರು. ಆಸ್ಪತ್ರೆಗೇ ಕೊಡಬೇಕು ಅನ್ನುವುದು ಅವರ ಒಲವು.

ಅವರ ಲೆಕ್ಕದಲ್ಲಿ ನಿಮ್ಮ ಪ್ರಕರಣ ಹೇಗೆ ಕಾಣುತ್ತದೆ ನೋಡೋಣ. ಕೃತ್ಯವಾದಿಗೆ ಮಾತಿನ ಬೆಲೆಯೇ ಗೊತ್ತಿಲ್ಲ ಎಂದು ಬೈಯುವವರಿದ್ದಾರೆ. ಅದು ಸರಿಯಲ್ಲ. ಸಾಮಾನ್ಯವಾಗಿ ಮಾತು ಉಳಿಸಿಕೊಳ್ಳಿ ಎಂದೇ ಅವನೂ ಹೇಳುತ್ತಾನೆ. ಮಾತು ಮುರಿದರೆ ನಂಬಿ ಕೂತವರ ಯೋಜನೆ ಕೆಡುತ್ತದೆ, ಊರಲ್ಲಿ ವಿಶ್ವಾಸ ಹೋಗುತ್ತದೆ, ಮುರಿದವನಿಗೂ ಮುರಿಯುವ ಚಾಳಿ ಬೀಳುತ್ತದೆ. ಇವೆಲ್ಲ ಅವನ ಲೆಕ್ಕದಲ್ಲಿ ನಷ್ಟಗಳೇ. ಆದರೆ ನಿಮ್ಮ ವಿಷಯದಲ್ಲಿ ಈ ನಷ್ಟಗಳು ಒಂದೊಂದಾಗಿ ಕರಗುತ್ತವೆ. ಕಾಕಾ ಇಲ್ಲ, ಅವರಿಗೆ ಬೇಜಾರಾಗುವುದಿಲ್ಲ. ಗದೆ ಬರುತ್ತದೆ ಎಂದು ಜಾತ್ರಾ ಕಮಿಟಿಯವರು ಕಾದಿಲ್ಲ. ಯಾರಿಗೂ ಗೊತ್ತಿಲ್ಲ, ಹಾಗಾಗಿ ಯಾರ ವಿಶ್ವಾಸವೂ ಕೆಡುವುದಿಲ್ಲ. ಉಳಿಯುವುದು ನಿಮ್ಮ ಮನಸ್ಸಿನ ಕಿರಿಕಿರಿ, ಗದೆ ಗೆಲ್ಲುವ ಪೈಲ್ವಾನನ ಖುಷಿ, ಕಣದ ಸುತ್ತ ನಿಂತವರ ಒಂದು ಸಂಜೆಯ ಸಡಗರ. ಆ ಕಡೆ ಒಂದು ಹುಡುಗಿಯ ಇಡೀ ದುಡಿಮೆಯ ಬದುಕು. ಕೃತ್ಯವಾದಿ ಇಲ್ಲಿ 'ಮುರಿದರೂ ನಡೆಯುತ್ತದೆ' ಎಂದು ನಿಲ್ಲುವುದಿಲ್ಲ. ಮುರಿಯಲೇಬೇಕು, ಗದೆ ಮಾಡಿಸಿದರೆ ತಪ್ಪು ಮಾಡಿದಂತೆ ಅನ್ನುತ್ತಾನೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಲೆಕ್ಕ ಹಾಕುವವರು ಎರಡೇ ದಾರಿ ಇದೆ ಎಂದುಕೊಂಡು ಎಡವುತ್ತಾರೆ. ಗದೆ ಇಲ್ಲವೇ ಫೀ ಎಂದು ನೀವು ಬರೆದಿದ್ದೀರಿ. ಆದರೆ ಕೃತ್ಯವಾದಿ ನಿಮ್ಮ ಮುಂದಿರುವ ಎಲ್ಲ ದಾರಿಗಳನ್ನೂ ತೂಗಬೇಕು. ಬ್ಯಾಂಕಿನಲ್ಲಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡ ಇಡಬೇಕಿಲ್ಲ. ಆ ಸಾಲ ಸಿಕ್ಕರೆ ಹುಡುಗಿಯೂ ಓದುತ್ತಾಳೆ, ಗದೆಯೂ ಆಗುತ್ತದೆ. ಆಗ ಕೃತ್ಯವಾದಿಯ ತೀರ್ಪೇ ತಿರುಗಬಹುದು. ಆಕೆಯ ತಂದೆ-ತಾಯಿ ಬ್ಯಾಂಕಿಗೆ ಹೋಗಿ ಕೇಳಿದ್ದಾರಾ? ಪತ್ರದಲ್ಲಿ ಅದು ಇಲ್ಲ.

ಸಾಲ ಸಿಗಲಿಲ್ಲ ಎಂದೇ ಇಟ್ಟುಕೊಳ್ಳೋಣ. ಈಗ ನಿಯಮವಾದಿಯ ಹತ್ತಿರ ಬನ್ನಿ. ಅವನು ಎರಡು ನಿಯಮಗಳನ್ನು ಪಕ್ಕಪಕ್ಕ ಇಡುತ್ತಾನೆ. ಒಂದು: ಸಾಯುವವರಿಗೆ ಕೊಟ್ಟ ಮಾತು ನಡೆಸಬೇಕು. ಇನ್ನೊಂದು: ಯಾರಿಗೂ ಗೊತ್ತಾಗದಿದ್ದರೆ, ದುಡ್ಡಿಗೆ ಅದಕ್ಕಿಂತ ಒಳ್ಳೆಯ ಉಪಯೋಗ ಕಂಡರೆ, ಮಾತು ಬಿಡಬಹುದು. ಎರಡನೆಯದನ್ನು ಹಾವೇರಿ ಜಿಲ್ಲೆಯ ಜನರೆಲ್ಲ ಒಪ್ಪಿಕೊಂಡು ಬದುಕುತ್ತಿದ್ದಾರೆ ಎಂದುಕೊಳ್ಳಿ. ಆಗ ನಿಮ್ಮ ಕಾಕಾ ಏನು ಮಾಡುತ್ತಿದ್ದರು? ಅವರೂ ಆ ನಿಯಮ ಬಲ್ಲವರೇ. ಬಾಗಿಲು ಹಾಕಿಕೊಂಡು ದುಡ್ಡಿನ ಗಂಟು ನಿಮ್ಮ ಕೈಗೆ ಕೊಡುತ್ತಿದ್ದರಾ? ನಾಲ್ಕು ಜನರನ್ನು ಕರೆಸಿ ಕಾಗದ ಬರೆಸುತ್ತಿದ್ದರು. ಇಲ್ಲವೇ ಆ ದುಡ್ಡು ಏನಾಗುತ್ತದೋ ಎಂಬ ಚಿಂತೆಯಲ್ಲೇ ಜೀವ ಬಿಡುತ್ತಿದ್ದರು. ನೀವು ಮಾತು ಮುರಿದದ್ದು ಗುಟ್ಟಾಗಿ ಉಳಿಯಬಹುದು. ಗುಟ್ಟಾಗಿ ಮುರಿಯಬಹುದು ಅನ್ನುವ ನಿಯಮ ಮಾತ್ರ ಗುಟ್ಟಾಗಿ ಉಳಿಯುವುದಿಲ್ಲ, ಏಕೆಂದರೆ ಅದು ಎಲ್ಲರ ತಲೆಯಲ್ಲೂ ಇರಬೇಕಾದದ್ದು. ಕೃತ್ಯವಾದಿಯ ಲೆಕ್ಕದಲ್ಲಿ ಗುಟ್ಟಿಗೆ ಇದ್ದ ಬಲ ಇಲ್ಲಿ ಪೂರ್ತಿ ಬಿದ್ದುಹೋಗುತ್ತದೆ. ನನಗೆ ಈ ಇಡೀ ಚರ್ಚೆಯ ತಿರುಳು ಇದೇ ಅನ್ನಿಸುತ್ತದೆ.

ಹಾಗಾದರೆ ನಿಯಮವಾದಿ ಎಂದೂ ಮಾತು ಮುರಿಯಬೇಡ ಅನ್ನುತ್ತಾನಾ? ಇಲ್ಲ. ದೊಡ್ಡ ಅನಾಹುತ ತಪ್ಪಿಸಬೇಕಾದಾಗ ಮುರಿಯಬಹುದು ಅನ್ನುವ ವಿನಾಯಿತಿ ಒಳ್ಳೆಯ ನಿಯಮದ ಒಳಗೇ ಇರುತ್ತದೆ ಎಂದು ಈ ಕಾಲದ ನಿಯಮವಾದಿ ಬ್ರಾಡ್ ಹೂಕರ್ ವಾದಿಸುತ್ತಾರೆ. ಅದೇ ಹುಡುಗಿ ಆಸ್ಪತ್ರೆಯಲ್ಲಿ ಸಾವು-ಬದುಕಿನ ನಡುವೆ ಇದ್ದು, ನಿಮ್ಮ ಹತ್ತಿರ ಬೇರೆ ದುಡ್ಡೇ ಇಲ್ಲದಿದ್ದರೆ, ಇಬ್ಬರೂ ಒಂದೇ ದನಿಯಲ್ಲಿ ಕೊಡಿ ಅನ್ನುತ್ತಾರೆ. ಅಂಥ ವಿನಾಯಿತಿ ಇದೆ ಎಂದು ಗೊತ್ತಿದ್ದರೂ ಕಾಕಾ ಗಂಟು ಕೊಡುತ್ತಿದ್ದರು. ಯಾವ ಕಾಕಾ ಬೇಡ ಅಂದಾರು? ಇನ್ನೊಂದು ತುದಿ ನೋಡಿ. ಗದೆ ಬಿಟ್ಟು ಊರ ಲೈಬ್ರರಿಗೆ ಪುಸ್ತಕ ತಂದರೆ ಕೂದಲೆಳೆಯಷ್ಟು ಜಾಸ್ತಿ ಒಳ್ಳೆಯದು ಎಂದಿಟ್ಟುಕೊಳ್ಳಿ. ಕೃತ್ಯವಾದಿ ಅಷ್ಟಕ್ಕೂ ಮಾತು ಮುರಿ ಅನ್ನಬೇಕಾಗುತ್ತದೆ, ನಿಯಮವಾದಿ ಬೇಡ ಅನ್ನುತ್ತಾನೆ. ನಿಮ್ಮ ಪ್ರಶ್ನೆ ಈ ಎರಡರ ನಡುವೆ ಇದೆ. ಲಾಭ ದೊಡ್ಡದು, ಆದರೆ ಅನಾಹುತ ಅನ್ನುವ ಮಟ್ಟದ್ದಲ್ಲ.

ಇಲ್ಲಿ ಸ್ಮಾರ್ಟ್ ಅವರ ಕಟು ಪ್ರಶ್ನೆಯೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಒಳ್ಳೆಯದಾಗಲಿ ಎಂದೇ ನಿಯಮ ಮಾಡಿದ್ದೀರಿ. ಈ ಸಲ ಅದನ್ನು ಮುರಿದರೇ ಒಳ್ಳೆಯದು ಎಂದು ಖಚಿತವಾಗಿ ಗೊತ್ತಿದ್ದಾಗಲೂ ಹಿಡಿದುಕೊಂಡರೆ, ಅದು ನಿಯಮದ ಪೂಜೆ ಆಗುವುದಿಲ್ಲವೇ? ಬೇಕಾದರೆ 'ಬಡ ಹುಡುಗಿಯ ಓದಿಗಾದರೆ ಬಿಡಬಹುದು' ಎಂದು ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿ ಎಂದು ಯಾರಾದರೂ ಹೇಳಬಹುದು. ಹೀಗೆ ಒಂದೊಂದು ಪ್ರಕರಣಕ್ಕೆ ಒಂದೊಂದು ಸಾಲು ಸೇರಿಸುತ್ತಾ ಹೋದರೆ, ಕೊನೆಗೆ ನಿಯಮ ಅನ್ನುವುದು ಹೆಸರಿಗಷ್ಟೇ ಉಳಿದು ಕೃತ್ಯದ ಲೆಕ್ಕವೇ ಮರಳಿ ಬರುತ್ತದೆ.

ನಿಯಮವಾದಿಗಳ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ನಿಯಮವನ್ನು ಮಕ್ಕಳಿಗೆ ಕಲಿಸಬೇಕು, ಅವಸರದಲ್ಲಿ ನೆನಪಿಗೆ ಬರಬೇಕು, ಬೇರೆಯವರು ಅದನ್ನು ನೆಚ್ಚಿಕೊಳ್ಳಬೇಕು. ಸಾಲು ಜಾಸ್ತಿಯಾದಷ್ಟೂ ಈ ಮೂರೂ ಕೆಡುತ್ತವೆ. ಜೊತೆಗೆ ವಿನಾಯಿತಿ ಸಿಗುತ್ತದಾ ಎಂದು ತೀರ್ಮಾನಿಸುವವರು ಮಾತು ಕೊಟ್ಟವರೇ. ನಮ್ಮ ಕಡೆಗೆ ತಕ್ಕಡಿ ವಾಲಿಸುವುದು ನಮಗೆಲ್ಲ ಬಲು ಸುಲಭ. ಸ್ಮಾರ್ಟ್ ಹೇಳುವ 'ಖಚಿತವಾಗಿ ಗೊತ್ತು' ಅನ್ನುವುದು ನಿಜ ಬದುಕಿನಲ್ಲಿ ಸಿಗುವುದು ಅಪರೂಪ. ಹುಡುಗಿ ಕೋರ್ಸ್ ಮುಗಿಸುತ್ತಾಳೆ ಎಂದು ನೀವು ಬರೆದುಕೊಡಬಲ್ಲಿರಾ?

ನೀವು ಒಂದು ಸಂಗತಿ ಯೋಚಿಸಬಹುದು. ಮಾತು ತೆಗೆದುಕೊಂಡವರು ಮಾತು ಬಿಟ್ಟುಕೊಡಬಹುದು ಅನ್ನುವುದೂ ಮಾತಿನ ನಿಯಮದ ಭಾಗವೇ. ಕಾಕಾ ಇದ್ದು, ನೀವು ಹುಡುಗಿಯ ವಿಷಯ ಹೇಳಿದ್ದರೆ, 'ಹೋಗ್ಲಿ ಬಿಡಪಾ, ಆಕಿಗೆ ಕೊಡು' ಅನ್ನುತ್ತಿದ್ದರಾ? ಆ ಹುಡುಗಿಯನ್ನು ಎತ್ತಿ ಆಡಿಸಿದವರಾಗಿದ್ದರೆ ಅನ್ನುತ್ತಿದ್ದರೇನೋ. ಅದಕ್ಕೆ ಅವರದೇ ನಡೆ-ನುಡಿಯಲ್ಲಿ ಗಟ್ಟಿ ಆಧಾರ ಇದ್ದರೆ ಕೊಡಿ, ನಿಯಮವಾದಿಯೂ ತಕರಾರು ಮಾಡುವುದಿಲ್ಲ. ಆಧಾರ ಇಲ್ಲದೆ ಸುಮ್ನೆ ಅವರ ಬಾಯಲ್ಲಿ ನಿಮ್ಮ ಮಾತು ಇಡಬೇಡಿ. ಆಧಾರ ಸಿಗದಿದ್ದರೆ ನಾನು ಹೇಳುವುದು ಇಷ್ಟು: ಈ ವಾರವೇ ಹುಡುಗಿಯ ತಂದೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ, ನಿಮ್ಮ ಕೈಲಾದಷ್ಟು ನಿಮ್ಮ ಸ್ವಂತ ದುಡ್ಡಿನಿಂದ ಕೊಡಿ, ಕಾಕಾನ ದುಡ್ಡಿನಲ್ಲಿ ಗದೆ ಮಾಡಿಸಿ.