ಎನ್‌ಆರ್‌ಒ ಬಡ್ಡಿಗೆ ಶೇ 31.2 ಟಿಡಿಎಸ್ ಏಕೆ, ಎನ್‌ಆರ್‌ಇ ಬಡ್ಡಿಗೆ ಏಕಿಲ್ಲ?

ಪ್ರಶ್ನೆ: ದುಬೈನಲ್ಲಿ ಕೆಲಸದಲ್ಲಿದ್ದೇನೆ. ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಎಫ್‌ಡಿ ಒಂದು, ಎನ್‌ಆರ್‌ಒ ಎಫ್‌ಡಿ ಒಂದು ಇದೆ. 2025-26ರಲ್ಲಿ ಎನ್‌ಆರ್‌ಒ ಎಫ್‌ಡಿಗೆ 70,000 ರೂಪಾಯಿ ಬಡ್ಡಿ ಬಂತು, ಅದರಲ್ಲಿ 21,840 ಮುರಿದುಕೊಂಡರು. ಎನ್‌ಆರ್‌ಇಯಲ್ಲಿ ಒಂದು ರೂಪಾಯಿಯೂ ಹೋಗಿಲ್ಲ. ಭಾರತದಲ್ಲಿ ನನಗೆ ಬೇರೆ ಆದಾಯವೇ ಇಲ್ಲ. 15ಜಿ ಕೊಟ್ಟರೆ ನಿಲ್ಲುತ್ತದೆಯೇ? ಇನ್ನೆರಡು ವರ್ಷದಲ್ಲಿ ವಾಪಸ್ ಬರುವ ಯೋಚನೆಯೂ ಇದೆ.

ಉತ್ತರ: 15ಜಿ ಕೊಡಬೇಡಿ. ಅದು ಭಾರತದ ನಿವಾಸಿಗಳಿಗಷ್ಟೇ ಇರುವ ಫಾರಂ. ನೀವು ಸಹಿ ಹಾಕಿದರೆ ಸುಳ್ಳು ಘೋಷಣೆ ಕೊಟ್ಟಂತಾಗುತ್ತದೆ. ಆದರೆ ಆ 21,840 ಕೈಬಿಟ್ಟು ಹೋದ ಹಣವಲ್ಲ, ಪೂರ್ತಿ ವಾಪಸ್ ಪಡೆಯಬಹುದು.

ಬ್ಯಾಂಕ್ ಲೆಕ್ಕ ಹಾಕಿದ್ದು ಹೀಗೆ: 70,000ದ ಶೇ 30 ಎಂದರೆ 21,000. ಅದರ ಮೇಲೆ ಶೇ 4 ಸೆಸ್ 840. ಒಟ್ಟು 21,840. ನಿವಾಸಿಗಳಿಗೆ ಬಡ್ಡಿ ಇಂತಿಷ್ಟು ದಾಟಿದ ಮೇಲೆ ಮಾತ್ರ ಶೇ 10 ಮುರಿಯುತ್ತಾರೆ. ಅನಿವಾಸಿಗಳಿಗೆ ಕಡಿತ ಆಗುವುದು ಬೇರೆ ಸೆಕ್ಷನ್‌ನಲ್ಲಿ, 1961ರ ಕಾಯ್ದೆಯ 195ರಲ್ಲಿ. ಅಲ್ಲಿ ಕನಿಷ್ಠ ಮಿತಿ ಎಂಬುದೇ ಇಲ್ಲ. ನೂರು ರೂಪಾಯಿ ಬಡ್ಡಿ ಬಂದರೂ ಮುರಿಯಲೇಬೇಕು, ಉಳಿತಾಯ ಖಾತೆಯ ಬಡ್ಡಿಯಾದರೂ ಅಷ್ಟೇ. (2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ನಿಮ್ಮ ಬಡ್ಡಿ 2025-26ರದ್ದಾದ್ದರಿಂದ ಇಲ್ಲಿ ಹಳೆಯ ಸಂಖ್ಯೆಗಳನ್ನೇ ಕೊಡುತ್ತಿದ್ದೇನೆ.)

ಎನ್‌ಆರ್‌ಇ ಖಾತೆಗೆ ಬರುವುದು ಹೊರದೇಶದ ದುಡಿಮೆ, ಅದರ ಬಡ್ಡಿಗೆ ಸೆಕ್ಷನ್ 10(4)ರಲ್ಲಿ ವಿನಾಯಿತಿ ಇದೆ. ವಿದೇಶಿ ಕರೆನ್ಸಿಯಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿಗೂ ವಿನಾಯಿತಿ ಇದೆ, ಬೇರೆ ಉಪವಿಧಿಯಲ್ಲಿ. ಬಾಡಿಗೆ, ಪಿಂಚಣಿ, ಆಸ್ತಿ ಮಾರಿದ ಹಣ ಹೀಗೆ ಊರಿನಲ್ಲೇ ಹುಟ್ಟುವ ಹಣಕ್ಕೆ ಇರುವುದು ಎನ್‌ಆರ್‌ಒ, ಅದರ ಬಡ್ಡಿಗೆ ತೆರಿಗೆ ಇದೆ. ಹಾಗಾಗಿ ಸಂಬಳದಿಂದ ಕಳಿಸುವ ಹಣವನ್ನು ಎನ್‌ಆರ್‌ಒಗೆ ಹಾಕಿ ಎಫ್‌ಡಿ ಮಾಡುವುದು ತೆರಿಗೆಯನ್ನು ನೀವೇ ಕರೆದು ಕೂರಿಸಿದಂತೆ. ಎನ್‌ಆರ್‌ಇ ಎಫ್‌ಡಿಯಲ್ಲಿ ಒಂದು ವಿಷಯ ನೆನಪಿಡಿ: ಒಂದು ವರ್ಷ ತುಂಬುವ ಮೊದಲೇ ಮುರಿಸಿದರೆ ಬಡ್ಡಿಯೇ ಸಿಗುವುದಿಲ್ಲ.

ಈಗ ನಿಮ್ಮ 21,840ರ ವಿಷಯ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ 4 ಲಕ್ಷದವರೆಗೆ ತೆರಿಗೆ ಇಲ್ಲ, ಇದು ಅನಿವಾಸಿಗಳಿಗೂ ಅನ್ವಯಿಸುತ್ತದೆ. ಎನ್‌ಆರ್‌ಇ ಬಡ್ಡಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಉಳಿದದ್ದು 70,000 ಮಾತ್ರ, ಅದಕ್ಕೆ ತೆರಿಗೆ ಸೊನ್ನೆ. ಐಟಿಆರ್-2 ಸಲ್ಲಿಸಿದರೆ ಮುರಿದುಕೊಂಡದ್ದೆಲ್ಲ ರಿಫಂಡ್. ಆದರೆ ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂದು ಕೇಳಿರುತ್ತೀರಲ್ಲ, ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ಅದು 87ಎ ರಿಯಾಯಿತಿಯಿಂದ ಬರುವುದು, ನಿವಾಸಿಗಳಿಗೆ ಮಾತ್ರ. ನಿಮ್ಮ ಗೆರೆ 4 ಲಕ್ಷವೇ.

ರಿಟರ್ನ್ ತುಂಬುವ ಮೊದಲು ಫಾರಂ 26ಎಎಸ್ ತೆಗೆದು ನೋಡಿ. ಬ್ಯಾಂಕಿನ ಹೆಸರಿನ ಮುಂದೆ ಸೆಕ್ಷನ್ 195 ಎಂದು, ಮೊತ್ತ 21,840 ಎಂದು ಇರಬೇಕು. ಕೆಲವರಿಗೆ ಅಲ್ಲಿ 194ಎ, ಶೇ 10 ಎಂದು ಕಾಣುತ್ತದೆ. ಅಂದರೆ ಬ್ಯಾಂಕಿನ ದಾಖಲೆಯಲ್ಲಿ ನೀವಿನ್ನೂ ನಿವಾಸಿ. ವಿದೇಶಕ್ಕೆ ಹೋದ ಮೇಲೆ ಹಳೆಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿಲ್ಲ ಎಂದು ಅರ್ಥ. ಕಡಿಮೆ ಮುರಿದರಲ್ಲ ಎಂದು ಸುಮ್ಮನಿರಬೇಡಿ, ಖಾತೆಯನ್ನು ಬದಲಾಯಿಸಿಕೊಳ್ಳಲೇಬೇಕು.

ರಿಟರ್ನ್‌ನಲ್ಲಿ ನಿವಾಸ ಸ್ಥಿತಿಯ ಜಾಗದಲ್ಲಿ Non Resident ಆರಿಸಿ. ಎನ್‌ಆರ್‌ಒ ಬಡ್ಡಿಯನ್ನು ಇತರ ಮೂಲಗಳ ಆದಾಯದಲ್ಲಿ ತೋರಿಸಿ. ಎನ್‌ಆರ್‌ಇ ಬಡ್ಡಿಯನ್ನು ಬಿಟ್ಟುಬಿಡದೆ Schedule EIನಲ್ಲಿ ವಿನಾಯಿತಿ ಆದಾಯವೆಂದು ಬರೆಯಿರಿ. ರಿಫಂಡ್‌ಗೆ ನಿಮ್ಮ ಎನ್‌ಆರ್‌ಒ ಖಾತೆ ಕೊಟ್ಟು, ಅದು ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಆಗಿದೆಯೇ ನೋಡಿಕೊಳ್ಳಿ. ಕೊನೆಯ ದಿನ ಜುಲೈ 31. ತಪ್ಪಿದರೆ ಡಿಸೆಂಬರ್ 31ರೊಳಗೆ ತಡವಾದ ರಿಟರ್ನ್ ಹಾಕಬಹುದು. ಹೊರದೇಶದಲ್ಲಿರುವವರು ಹೆಚ್ಚಾಗಿ ಎಡವುವುದು ಕೊನೆಯ ಮೆಟ್ಟಿಲಲ್ಲಿ. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಮಾಡಬೇಕು, ಆಧಾರ್ ಒಟಿಪಿ ಬರುವುದು ಎಂದೋ ಬಂದ್ ಆದ ಭಾರತದ ಸಿಮ್‌ಗೆ. ಆಗ ನೆಟ್ ಬ್ಯಾಂಕಿಂಗ್ ಮೂಲಕ ಲಾಗಿನ್ ಆಗಿ ವೆರಿಫೈ ಮಾಡಿ. ಮಾಡದಿದ್ದರೆ ರಿಟರ್ನ್ ಕೊಟ್ಟೇ ಇಲ್ಲ ಎಂದಾಗುತ್ತದೆ, ರಿಫಂಡ್ ಅಲ್ಲಿಗೇ ನಿಲ್ಲುತ್ತದೆ.

ಪ್ರತಿ ವರ್ಷ ಇಷ್ಟು ಹಣ ತಿಂಗಳುಗಟ್ಟಲೆ ಸಿಕ್ಕಿಬೀಳುವುದು ಬೇಡ ಎನ್ನುವುದಾದರೆ ಭಾರತ-ಯುಎಇ ತೆರಿಗೆ ಒಪ್ಪಂದವನ್ನು ಬಳಸಿಕೊಳ್ಳಿ. ಅದರಲ್ಲಿ ಇಂಥ ಬಡ್ಡಿಗೆ ಗರಿಷ್ಠ ಶೇ 12.5, ಮೇಲೆ ಸೆಸ್ ಇಲ್ಲ. 70,000ಕ್ಕೆ 8,750 ಆಗುತ್ತದೆ, 13,090 ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. ಇದಕ್ಕೆ ಬ್ಯಾಂಕಿಗೆ ಬೇಕಾದದ್ದು ಯುಎಇಯ ಫೆಡರಲ್ ಟ್ಯಾಕ್ಸ್ ಅಥಾರಿಟಿ ಕೊಡುವ ತೆರಿಗೆ ನಿವಾಸ ಪ್ರಮಾಣಪತ್ರ, ಪ್ಯಾನ್, ಭಾರತದಲ್ಲಿ ಸ್ಥಿರ ವ್ಯವಹಾರ ಕೇಂದ್ರ ಇಲ್ಲವೆಂಬ ಸ್ವಯಂ ಘೋಷಣೆ, ಮತ್ತು ಆದಾಯ ತೆರಿಗೆ ಪೋರ್ಟಲ್‌ನಲ್ಲೇ ತುಂಬಿದ 10ಎಫ್‌ನ ಪ್ರತಿ (ಹೊಸ ವರ್ಷಕ್ಕೆ ಹೊಸ ಕಾಯ್ದೆಯಡಿ ಇದರ ಜಾಗದಲ್ಲಿರುವ ಫಾರಂ ಯಾವುದೆಂದು ಬ್ಯಾಂಕನ್ನೇ ಕೇಳಿ). ಒಪ್ಪಂದದ ಪ್ರಕಾರ ನೀವು ಆ ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 183 ದಿನ ಯುಎಇಯಲ್ಲಿ ಇದ್ದಿರಬೇಕು.

ಇಲ್ಲಿ ಕೆಡುವುದು ದಿನಾಂಕದಲ್ಲಿ. ಪ್ರಮಾಣಪತ್ರ ಜನವರಿಯಿಂದ ಡಿಸೆಂಬರ್‌ವರೆಗಿನದ್ದಾಗಿದ್ದರೆ, ಭಾರತದ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದ್ದು. ಜನವರಿ-ಮಾರ್ಚ್‌ನ ಬಡ್ಡಿಗೆ ಬ್ಯಾಂಕ್ ಮತ್ತೆ ಶೇ 31.2 ಮುರಿಯಬಹುದು. ಕಾಗದಪತ್ರ ಪ್ರತಿ ವರ್ಷ ಹೊಸದಾಗಿ ಕೊಡಬೇಕು, ಬಡ್ಡಿ ಜಮಾ ಆಗುವ ಮೊದಲೇ ಕೊಡಬೇಕು. ಮುರಿದಾದ ಮೇಲೆ ಬ್ಯಾಂಕ್ ಹಿಂತಿರುಗಿಸುವುದಿಲ್ಲ, ರಿಟರ್ನ್ ಒಂದೇ ದಾರಿ. ನನ್ನ ಅಭಿಪ್ರಾಯ ಕೇಳಿದರೆ, 70,000ಕ್ಕೆ ಈ ಓಡಾಟ ಬೇಡ, ರಿಟರ್ನ್ ಹಾಕಿಬಿಡಿ. ಭಾರತದ ಆದಾಯ 12 ಲಕ್ಷದೊಳಗೆ ಇರುವವರೆಗೆ ಹೊಸ ಪದ್ಧತಿಯ ದರಗಳೇ ಶೇ 10 ದಾಟುವುದಿಲ್ಲ. ಅಂತಿಮ ತೆರಿಗೆ ಇಳಿಸುವುದಕ್ಕೆ ಒಪ್ಪಂದ ನಿಜವಾಗಿ ನೆರವಾಗುವುದು ಅದಕ್ಕಿಂತ ಮೇಲೆ.

ವಾಪಸ್ ಬರುವ ಮಾತು ಹೇಳಿದಿರಲ್ಲ, ಅದರಲ್ಲಿ ದೊಡ್ಡ ತಪ್ಪು ಆಗುವ ಸಂಭವವಿದೆ. ಎನ್‌ಆರ್‌ಇ ವಿನಾಯಿತಿ ನಿಂತಿರುವುದು ಆದಾಯ ತೆರಿಗೆಯ 182 ದಿನದ ಲೆಕ್ಕದ ಮೇಲಲ್ಲ, ಫೆಮಾ ಕಾಯ್ದೆಯ ಪ್ರಕಾರ ನೀವು ಭಾರತದ ಹೊರಗಿನ ನಿವಾಸಿಯೇ ಎಂಬುದರ ಮೇಲೆ. ಕಾಯಮ್ಮಾಗಿ ಊರಿಗೆ ಬಂದಿಳಿದ ದಿನದಿಂದಲೇ ಆ ಸ್ಥಿತಿ ಹೋಗುತ್ತದೆ. ತೆರಿಗೆ ಕಾಯ್ದೆಯಲ್ಲಿ ಆ ವರ್ಷ ನೀವು ಅನಿವಾಸಿ ಎಂದೇ ಲೆಕ್ಕವಾದರೂ ಎನ್‌ಆರ್‌ಇ ಬಡ್ಡಿಗೆ ಅಂದಿನಿಂದ ತೆರಿಗೆ ಇದೆ. ಬ್ಯಾಂಕಿಗೆ ತಿಳಿಸದಿದ್ದರೆ ಅವರು ಟಿಡಿಎಸ್ ಮುರಿಯುವುದಿಲ್ಲ, ನೀವೂ ವಿನಾಯಿತಿ ಎಂದೇ ತೋರಿಸುತ್ತೀರಿ, ನೋಟಿಸ್ ಬಂದಾಗ ತೆರಿಗೆಯ ಜೊತೆ ಬಡ್ಡಿಯನ್ನೂ ಕಟ್ಟಬೇಕಾಗುತ್ತದೆ. ಎಫ್‌ಸಿಎನ್‌ಆರ್ ಇಲ್ಲಿ ಮೇಲು: ಅವಧಿ ಮುಗಿಯುವವರೆಗೆ ಮುಂದುವರಿಯುತ್ತದೆ, ನೀವು ‘ನಿವಾಸಿ ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ವರ್ಗದಲ್ಲಿ ಇರುವಷ್ಟು ಕಾಲ ಅದರ ಬಡ್ಡಿಗೆ ವಿನಾಯಿತಿ ಉಳಿಯುತ್ತದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಕಳೆದ ದಿನಗಳು 729 ಮೀರದಿದ್ದರೆ ನೀವು ಆ ವರ್ಗಕ್ಕೆ ಬರುತ್ತೀರಿ. ದುಬೈನಲ್ಲಿ ಎಷ್ಟು ವರ್ಷವಾಯಿತು ಎಂದು ನೋಡಿ, ಅದು ಹೊಂದುವುದಾದರೆ ಬರುವುದಕ್ಕೆ ಮುಂಚೆ ಅವಧಿ ಮುಗಿಯುವ ಎನ್‌ಆರ್‌ಇ ಎಫ್‌ಡಿಯ ಹಣವನ್ನು ಎಫ್‌ಸಿಎನ್‌ಆರ್‌ನಲ್ಲಿ ಇಡುವುದನ್ನು ಬ್ಯಾಂಕಿನಲ್ಲಿ ವಿಚಾರಿಸಿ.