ಮಂಡ್ಯದ ಮೇಲೆ, ಜುಲೈ ತಿಂಗಳಲ್ಲಿ, ಕಾರ್ಬ್ಯುರೇಟರ್ ಒಳಗೆ ಐಸ್

ಪ್ರಶ್ನೆ: ನಾನು ಸೆಸ್ನಾ 152ರಲ್ಲಿ ಟ್ರೈನಿಂಗ್ ಮಾಡ್ತಿದೀನಿ. ನಮ್ಮ ಕಡೆ ಹಿಮ ಬೀಳೋದೇ ಇಲ್ಲ, ಹಾಗಿದ್ದ ಮೇಲೆ ಕಾರ್ಬ್ ಐಸ್ ಬರೀ ಪರೀಕ್ಷೆಗೆ ಓದೋ ವಿಷಯ ಅಲ್ವಾ? ಗಾಳಿಗೆ ಎಷ್ಟು ಪೆಟ್ರೋಲ್ ಸೇರಬೇಕು ಅಂತ ಹೊಂದಿಸೋ ಮಿಕ್ಸ್ಚರ್ ನಾಬ್ ಕೂಡ 5,000 ಅಡಿ ದಾಟಿದ ಮೇಲೆ ಮುಟ್ಟಿದರೆ ಸಾಕು ಅಂತಾರೆ. ನಿಜಾನಾ?

ಎರಡೂ ನಿಜ ಅಲ್ಲ. ಇದೇ ಎರಡು ಮಾತನ್ನು ನಂಬಿಕೊಂಡು ನಾನು ಒಂದು ಜುಲೈ ಬೆಳಿಗ್ಗೆ ಮೈಸೂರಿನಿಂದ ಜಕ್ಕೂರಿಗೆ ಒಬ್ಬನೇ ವಾಪಸ್ ಹೊರಟಿದ್ದೆ. ವಿಮಾನ ನಿಮ್ಮದೇ, 152. ಮಳೆ ಇರಲಿಲ್ಲ. ಮೇಲೆ ಮೋಡದ ಹಾಸು, ಕೆಳಗೆ ಮಂಡ್ಯದ ಕಬ್ಬಿನ ಗದ್ದೆ, ದೂರದವರೆಗೂ ಸ್ಪಷ್ಟವಾಗಿ ಕಾಣ್ತಿತ್ತು. ಹೊರಡುವಾಗ ಮೈಸೂರಿನಲ್ಲಿ ತಾಪಮಾನ 22, ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ನೀರಾಗೋಕೆ ಶುರುವಾಗುವ ತಾಪಮಾನ, 20. ಆ ಎರಡು ಅಂಕಿಗಳನ್ನು ನೀಬೋರ್ಡ್ ಮೇಲೆ ಬರೆದುಕೊಂಡೆ, ಆದರೆ ಅವು ಏನು ಹೇಳುತ್ತಿವೆ ಅಂತ ನೋಡಲಿಲ್ಲ. 5,500 ಅಡಿಯಲ್ಲಿ ಹೊರಗಿನ ಗಾಳಿ 15 ಡಿಗ್ರಿ ಇತ್ತು.

ಶ್ರೀರಂಗಪಟ್ಟಣ ದಾಟುವಾಗ 2,300 ಇದ್ದ ಆರ್‌ಪಿಎಂ ಸ್ವಲ್ಪ ಹೊತ್ತಿನಲ್ಲಿ 2,250ಕ್ಕೆ ಬಂತು. ಥ್ರಾಟಲ್ ತಾನಾಗೇ ಸರಿದಿರಬೇಕು ಅಂದುಕೊಂಡು ಒಂಚೂರು ಒಳಗೆ ತಳ್ಳಿದೆ. ಸರಿಹೋಯಿತು. ಮತ್ತೆ ಇಳಿಯಿತು, ಮತ್ತೆ ತಳ್ಳಿದೆ. ಮಂಡ್ಯ ಬರುವಷ್ಟರಲ್ಲಿ ಥ್ರಾಟಲ್ ಸಾಕಷ್ಟು ಒಳಗಿದ್ದರೂ ಆರ್‌ಪಿಎಂ 2,150. ಎಂಜಿನ್ ಸಣ್ಣಗೆ ನಡುಗೋಕೆ ಶುರುವಾಯಿತು.

ಅಲ್ಲಿ ನಡೆಯುತ್ತಿದ್ದದ್ದು ಇದು. ಕಾರ್ಬ್ಯುರೇಟರ್‌ನ ಗಂಟಲು, ಅಂದರೆ ವೆಂಚುರಿ, ಕಿರಿದಾಗಿರುತ್ತದೆ. ಗಾಳಿ ಅಲ್ಲಿ ವೇಗವಾಗಿ ನುಗ್ಗುತ್ತದೆ, ಒತ್ತಡ ಕಡಿಮೆಯಾಗುತ್ತದೆ, ಸ್ವಲ್ಪ ತಣ್ಣಗಾಗುತ್ತದೆ. ಅದಕ್ಕಿಂತ ಜಾಸ್ತಿ ತಣ್ಣಗಾಗುವುದು ಪೆಟ್ರೋಲಿನಿಂದ. ಸಿಂಪಡಿಸಿದ ಇಂಧನ ಅಲ್ಲೇ ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದ, ಲೋಹದಿಂದ ಎಳೆದುಕೊಳ್ಳುತ್ತದೆ. ಇಂಜೆಕ್ಷನ್ ಕೊಡುವ ಮುಂಚೆ ತೋಳಿಗೆ ಸ್ಪಿರಿಟ್ ಹಚ್ಚಿದಾಗ ಚಳಿ ಅನಿಸುತ್ತಲ್ಲ, ಅದೇ. ಎರಡೂ ಸೇರಿ ತಾಪಮಾನ 20 ಡಿಗ್ರಿಗಿಂತಲೂ ಹೆಚ್ಚು ಇಳಿಯಬಹುದು. 15ರಿಂದ 20 ಕಳೆಯಿರಿ: ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಗಾಳಿಯಲ್ಲಿ ಬೇಕಾದಷ್ಟು ತೇವ ಇದ್ದರೆ ಅದು ಥ್ರಾಟಲ್ ಬಟರ್‌ಫ್ಲೈ ಅಂಚಿಗೆ, ಗಂಟಲಿನ ಗೋಡೆಗೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ.

ಹಾಗಾಗಿ ಹಿಮ ಬೀಳುತ್ತೋ ಇಲ್ವೋ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಿಜವಾಗಿ ಹಿಮ ಬೀಳುವ ಕೊರೆಯುವ ಚಳಿಯಲ್ಲಿ ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕಡಿಮೆ, ಅಲ್ಲಿ ಕಾರ್ಬ್ ಐಸ್ ಸಾಧ್ಯತೆ ಇಳಿಯುತ್ತದೆ. ಹತ್ತು, ಹದಿನೈದು, ಇಪ್ಪತ್ತು ಡಿಗ್ರಿಯ ತೇವದ ಗಾಳಿಯೇ ಇದಕ್ಕೆ ಹೇಳಿ ಮಾಡಿಸಿದ್ದು. ಅಂದರೆ ಬೆಂಗಳೂರಿನ ಮುಂಗಾರಿನ ಬೆಳಿಗ್ಗೆ. ಥ್ರಾಟಲ್ ಪೂರ್ತಿ ಇಳಿಸಿ ಕೆಳಗೆ ಬರುವಾಗಂತೂ 30 ಡಿಗ್ರಿ ಹತ್ತಿರದ ಸೆಕೆಯಲ್ಲೂ ಕಟ್ಟಬಹುದು. ಬಟರ್‌ಫ್ಲೈ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಅದರ ಅಂಚಿನಲ್ಲಿ ಉಳಿಯುವ ಸಂದಿಯೇ ಚಿಕ್ಕದು, ಅದನ್ನು ಮುಚ್ಚಲು ಸ್ವಲ್ಪ ಐಸ್ ಸಾಕು. ಮೋಡದೊಳಗೆ ಹೋಗಬೇಕಾಗಿಯೂ ಇಲ್ಲ. ನೋಡಬೇಕಾದದ್ದು ತಾಪಮಾನ, ಜೊತೆಗೆ ಅದಕ್ಕೂ ಡ್ಯೂ ಪಾಯಿಂಟ್‌ಗೂ ಇರುವ ಅಂತರ. ಅಂತರ ಕಡಿಮೆಯಾದಷ್ಟೂ ಗಾಳಿಯಲ್ಲಿ ತೇವ ಜಾಸ್ತಿ.

ಈಗ ನನ್ನ ತಪ್ಪು. ಇದನ್ನು ನಿಧಾನವಾಗಿಯೇ ಬರೆಯುತ್ತೇನೆ, ಯಾಕೆಂದರೆ ಪುಸ್ತಕ ಓದಿ ಪಾಸಾದವರೂ ಇಲ್ಲೇ ಎಡವುತ್ತಾರೆ.

ನಡುಕ ಶುರುವಾದಾಗ ನನಗೆ ಕಾರ್ಬ್ ಹೀಟ್ ನೆನಪಾಯಿತು. ಎಳೆದೆ. ಎಂಜಿನ್ ಸುಧಾರಿಸಬೇಕಿತ್ತು ಅಲ್ವಾ? ಆರ್‌ಪಿಎಂ 2,000ಕ್ಕೆ ಬಿತ್ತು. ಎಂಜಿನ್ ಕೆಮ್ಮಿತು, ಡ್ಯಾಶ್‌ಬೋರ್ಡ್ ಎಲ್ಲಾ ಅಲುಗಾಡಿತು. ನಾನೇ ಕೆಡಿಸಿದೆ ಅಂತ ಹೆದರಿ ನಾಬನ್ನು ವಾಪಸ್ ಒಳಗೆ ತಳ್ಳಿಬಿಟ್ಟೆ.

ಆ ಕೆಮ್ಮೇ ಹೀಟ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿಯಾಗಿತ್ತು. ಕಾರ್ಬ್ ಹೀಟ್ ಎಳೆದಾಗ ಎಂಜಿನ್ ಫಿಲ್ಟರ್ ಬಿಟ್ಟು, ಸೈಲೆನ್ಸರ್ ಸುತ್ತಲಿನ ತಗಡಿನ ಹೊದಿಕೆಯೊಳಗೆ ಕಾದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಿಸಿ ಗಾಳಿ ತೆಳು, ಹಾಗಾಗಿ ಐಸ್ ಇಲ್ಲದಿದ್ದರೂ ಆರ್‌ಪಿಎಂ ಇಳಿಯುತ್ತದೆ ಮತ್ತು ಅಲ್ಲೇ ನಿಲ್ಲುತ್ತದೆ. ಐಸ್ ಇದ್ದರೆ ಇಳಿದ ಮೇಲೆ ಅದು ಕರಗಿ ಆ ನೀರನ್ನು ಎಂಜಿನ್ ನುಂಗಬೇಕು. ಅದಕ್ಕೇ ಕೆಮ್ಮು, ನಡುಕ. ಅದು ಮುಗಿದ ಮೇಲೆ ಆರ್‌ಪಿಎಂ ಮುಳ್ಳು ತಾನಾಗಿ ಮೇಲೇರುತ್ತದೆ. ಈ ಮೇಲೇರುವುದನ್ನು ಕಾಯುವ ತಾಳ್ಮೆ ಬೇಕು. ಅರ್ಧ ಕರಗಿದ್ದಾಗ ನಾಬ್ ತಳ್ಳಿದರೆ ತಣ್ಣನೆಯ ತೇವದ ಗಾಳಿ ಮತ್ತೆ ಬರುತ್ತದೆ, ಒದ್ದೆಯಾದ ಜಾಗದ ಮೇಲೆ ಇನ್ನಷ್ಟು ಕಟ್ಟುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಶಾಖ ಬರುವುದು ಎಕ್ಸಾಸ್ಟ್‌ನಿಂದ. ಎಂಜಿನ್ ಸೊರಗಿದಷ್ಟೂ ಎಕ್ಸಾಸ್ಟ್ ತಣ್ಣಗಾಗುತ್ತದೆ. ಪೂರ್ತಿ ನಿಂತರೆ ಕರಗಿಸುವುದಕ್ಕೆ ಶಾಖವೇ ಇರುವುದಿಲ್ಲ. ನಾನು ಆ ಹೊತ್ತಿನಲ್ಲಿ ಆರಿಸುತ್ತಿದ್ದದ್ದು ನನ್ನ ಉಳಿದ ಒಂದೇ ಒಲೆಯನ್ನು.

ಹೀಟ್ ಒಳಗೆ ತಳ್ಳಿದ ಮೇಲೆ ಆರ್‌ಪಿಎಂ ಮೊದಲಿಗಿಂತ ಕೆಳಗೆ ನಿಂತಿತು. ಎತ್ತರ ಬಿಡುತ್ತಾ 4,600 ಅಡಿಗೆ ಬಂದಿದ್ದೆ. ಬೇರೆ ದಾರಿ ಕಾಣದೆ ಮತ್ತೆ ಪೂರ್ತಿ ಎಳೆದೆ, ಈ ಸಲ ಬಿಡಲಿಲ್ಲ. ಒಂದು ನಿಮಿಷದ ಹತ್ತಿರ ಎಂಜಿನ್ ಅಲುಗಾಡಿತು. ಆಮೇಲೆ ಮುಳ್ಳು ಏರಿತು, ಆದರೆ ಎಂಜಿನ್ ಪೂರ್ತಿ ನಯವಾಗಲಿಲ್ಲ. ಮೈಸೂರಿಗೆ ತಿರುಗಿ ಇಳಿದೆ. ವರದಿ ಬರೆದೆ, ನನ್ನ ಸೋಲೋ ನಿಲ್ಲಿಸಿದರು. ಇನ್‌ಸ್ಟ್ರಕ್ಟರ್ ಜೊತೆ ಮತ್ತೆ ಚೆಕ್ ಫ್ಲೈಟ್‌ಗಳನ್ನು ಕೈಯಿಂದ ದುಡ್ಡು ಕಟ್ಟಿ ಹಾರಬೇಕಾಯಿತು. ಲೈಸೆನ್ಸ್ ಒಂದು ಸೀಸನ್ ಹಿಂದೆ ಹೋಯಿತು.

ಯಾಕೆ ನಯವಾಗಲಿಲ್ಲ ಅನ್ನುವುದು ನಿಮ್ಮ ಎರಡನೇ ಪ್ರಶ್ನೆ. ನನ್ನ ಮಿಕ್ಸ್ಚರ್ ನಾಬ್ ಅಷ್ಟು ಹೊತ್ತೂ ಫುಲ್ ರಿಚ್‌ನಲ್ಲೇ, ಅಂದರೆ ಪೆಟ್ರೋಲ್ ಅತಿ ಹೆಚ್ಚು ಹೋಗುವ ಜಾಗದಲ್ಲೇ ಇತ್ತು. "5,500 ಅಡಿ ತಾನೇ, ಐದು ಸಾವಿರ ಈಗಷ್ಟೇ ದಾಟಿದೆ" ಅಂತ ಸುಮ್ನೆ ಬಿಟ್ಟಿದ್ದೆ.

ಕಾರ್ಬ್ಯುರೇಟರ್‌ಗೆ ಗಾಳಿಯ ತೂಕ ಅಳೆಯೋಕೆ ಬರುವುದಿಲ್ಲ. ವೆಂಚುರಿಯಲ್ಲಿ ಒತ್ತಡ ಎಷ್ಟು ಇಳಿಯಿತು ಅನ್ನುವುದನ್ನು ನೋಡಿ ಅದು ಪೆಟ್ರೋಲ್ ಬಿಡುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್‌ಗೆ ಹೋಗುವ ಗಾಳಿಯ ತೂಕ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಪೆಟ್ರೋಲ್ ಮಾತ್ರ ಅದರ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ನನ್ನ ಆ ದಿನವನ್ನೇ ತೆಗೆದುಕೊಳ್ಳಿ. 5,500 ಅಡಿ, 15 ಡಿಗ್ರಿ ಅಂದರೆ ಡೆನ್ಸಿಟಿ ಆಲ್ಟಿಟ್ಯೂಡ್, ಗಾಳಿ ಎಷ್ಟು ತೆಳು ಅನ್ನುವುದನ್ನು ಎತ್ತರದಲ್ಲಿ ಹೇಳುವ ಲೆಕ್ಕ, 6,800 ಅಡಿ ಆಸುಪಾಸು. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ 0.82ರಷ್ಟು, ಅದರ ವರ್ಗಮೂಲ 0.9. ಗಾಳಿ 18% ಕಡಿಮೆಯಾಗಿದೆ, ಪೆಟ್ರೋಲ್ 10% ಮಾತ್ರ. ಅಂದರೆ ಮಿಶ್ರಣ ಸುಮಾರು 10% ಹೆಚ್ಚು ರಿಚ್. ಇದರ ಮೇಲೆ ಕಾರ್ಬ್ ಹೀಟ್ ಎಳೆದಾಗ ಗಾಳಿ ಇನ್ನೂ ತೆಳುವಾಯಿತು, ಮಿಶ್ರಣ ಇನ್ನೂ ರಿಚ್ ಆಯಿತು. ಗಂಟಲಲ್ಲಿ ಉಳಿದಿದ್ದ ಐಸ್ ಕೂಡ ಗಾಳಿಯನ್ನೇ ತಡೆಯುತ್ತಿತ್ತು. ಮೂರೂ ಒಂದೇ ಕಡೆಗೆ ಎಳೆದವು. ಐಸ್ ಹೋದ ಮೇಲೂ ಉಳಿದ ನಡುಕ ಪೆಟ್ರೋಲ್ ಜಾಸ್ತಿಯಾಗಿದ್ದರಿಂದ. ಮಿಕ್ಸ್ಚರ್‌ನ ಕೆಂಪು ನಾಬನ್ನು ನಿಧಾನಕ್ಕೆ ಹಿಂದಕ್ಕೆ ಎಳೆದಿದ್ದರೆ ಎಂಜಿನ್ ಅಲ್ಲೇ ನಯವಾಗುತ್ತಿತ್ತು.

ಹಾಗಾಗಿ ಆ 5,000 ಅಡಿ ಅನ್ನುವ ಅಂಕಿಯನ್ನು ತಲೆಯಿಂದ ತೆಗೆದುಹಾಕಿ. ಅದು ಮುಖ್ಯವಾಗಿ ಪೂರ್ತಿ ಪವರ್‌ನಲ್ಲಿ ಏರುವಾಗಿನ ಮಾತು. ಅಲ್ಲಿ ರಿಚ್ ಮಿಶ್ರಣ ಸಿಲಿಂಡರ್‌ಗಳನ್ನು ತಂಪಾಗಿಡುತ್ತದೆ. 75% ಅಥವಾ ಅದಕ್ಕಿಂತ ಕಡಿಮೆ ಪವರ್‌ನಲ್ಲಿ ಕ್ರೂಸ್ ಮಾಡುತ್ತಿದ್ದರೆ ಯಾವ ಎತ್ತರದಲ್ಲೂ ಲೀನ್ ಮಾಡಬಹುದು, ಅಂದರೆ ಪೆಟ್ರೋಲ್ ಕಡಿಮೆ ಮಾಡಬಹುದು. ಟೇಕಾಫ್‌ಗೂ ನಿಮ್ಮ 152ರ ಪುಸ್ತಕವೇ, 3,000 ಅಡಿಗಿಂತ ಎತ್ತರದ ರನ್‌ವೇಯಿಂದ ಹೊರಡುವ ಮುಂಚೆ ಫುಲ್ ಥ್ರಾಟಲ್‌ನಲ್ಲಿ ಅತಿ ಹೆಚ್ಚು ಆರ್‌ಪಿಎಂ ಬರುವಂತೆ ಲೀನ್ ಮಾಡಿ ಅನ್ನುತ್ತದೆ. ಜಕ್ಕೂರು ಇರುವುದೇ ಸುಮಾರು 3,000 ಅಡಿಯಲ್ಲಿ. ಏಪ್ರಿಲ್‌ನ 32 ಡಿಗ್ರಿ ಮಧ್ಯಾಹ್ನ ಅಲ್ಲಿನ ಡೆನ್ಸಿಟಿ ಆಲ್ಟಿಟ್ಯೂಡ್ 5,800 ಅಡಿ ಹತ್ತಿರ. ಅಂದರೆ ಚಕ್ರ ನೆಲದ ಮೇಲಿರುವಾಗಲೇ ನಿಮ್ಮ ಎಂಜಿನ್ ಆ "ಐದು ಸಾವಿರ" ದಾಟಿರುತ್ತದೆ.

ಲೀನ್ ಮಾಡುವುದು ಕಷ್ಟವಲ್ಲ. ಕ್ರೂಸ್‌ನಲ್ಲಿ ಥ್ರಾಟಲ್ ಸೆಟ್ ಮಾಡಿ ಕೆಂಪು ನಾಬನ್ನು ನಿಧಾನಕ್ಕೆ ಎಳೆಯಿರಿ. ಆರ್‌ಪಿಎಂ ಸ್ವಲ್ಪ ಏರುತ್ತದೆ, ಆಮೇಲೆ ಇಳಿಯುತ್ತದೆ, ನಡುಕ ಬರುತ್ತದೆ. ಅಲ್ಲಿಂದ ಆರ್‌ಪಿಎಂ ಅತಿ ಹೆಚ್ಚಿದ್ದ ಜಾಗಕ್ಕೆ ವಾಪಸ್ ತಂದು ಇನ್ನೊಂಚೂರು ಒಳಗೆ ತಳ್ಳಿ. ಎತ್ತರ ಬದಲಾದಾಗಲೆಲ್ಲ ಮತ್ತೆ ನೋಡಿ.

ಆರ್‌ಪಿಎಂ ಇಳಿದರೆ ಮಿಕ್ಸ್ಚರ್‌ನಿಂದಲೋ ಐಸ್‌ನಿಂದಲೋ ಅಂತ ಗೊತ್ತಾಗುವುದು ಹೀಗೆ: ನೀವು ಎತ್ತರವನ್ನೂ ಬದಲಿಸಿಲ್ಲ, ಯಾವ ನಾಬನ್ನೂ ಮುಟ್ಟಿಲ್ಲ, ಆದರೂ ಮುಳ್ಳು ನಿಮಿಷಗಟ್ಟಲೆ ನಿಧಾನಕ್ಕೆ ಇಳಿಯುತ್ತಿದ್ದರೆ ಮೊದಲು ಐಸ್ ಅಂತಲೇ ಹಿಡಿಯಿರಿ. ಥ್ರಾಟಲ್ ಕೂಡಿಸಿ ಮುಚ್ಚಿಹಾಕಬೇಡಿ. ಹೀಟ್ ಪೂರ್ತಿ ಎಳೆಯಿರಿ, ಅರ್ಧ ಅಲ್ಲ. ಕಾರ್ಬ್ ತಾಪಮಾನದ ಮೀಟರ್ ಇಲ್ಲದ ವಿಮಾನದಲ್ಲಿ ಅರ್ಧ ಹೀಟ್ ಎಷ್ಟು ಬಿಸಿ ಮಾಡಿತು ಅಂತ ನಿಮಗೆ ಗೊತ್ತಾಗುವುದಿಲ್ಲ. ಕೆಮ್ಮಿದರೆ ಕೆಮ್ಮಲಿ, ಹಿಡಿದುಕೊಂಡಿರಿ. ಹೀಟ್ ಬಹಳ ಹೊತ್ತು ಬೇಕಾದರೆ ಮಿಕ್ಸ್ಚರ್ ಸ್ವಲ್ಪ ಲೀನ್ ಮಾಡಿ. ಆಮೇಲೆ ಹೀಟ್ ತೆಗೆಯುವ ಮುಂಚೆ ಮಿಕ್ಸ್ಚರ್ ಸ್ವಲ್ಪ ರಿಚ್ ಮಾಡಿ, ಆಮೇಲೆ ಹೀಟ್ ಒಳಗೆ ತಳ್ಳಿ. ಇಲ್ಲದಿದ್ದರೆ ದಪ್ಪ ತಣ್ಣನೆಯ ಗಾಳಿ ಬಂದ ಕೂಡಲೇ ಪೆಟ್ರೋಲ್ ಸಾಲದೆ ಎಂಜಿನ್ ತಡವರಿಸುತ್ತದೆ.

ಮಳೆಗಾಲದಲ್ಲಿ ಟೇಕಾಫ್‌ಗೆ ಮುಂಚೆ ಎಂಜಿನ್ ಪರೀಕ್ಷಿಸುವ ರನ್-ಅಪ್ ಮಾಡುವಾಗ ಹೀಟ್ ಎಳೆದು ತಕ್ಷಣ ತಳ್ಳುವವರನ್ನು ನಾನು ಒಪ್ಪುವುದಿಲ್ಲ. ಹತ್ತು ಸೆಕೆಂಡ್ ಆದರೂ ಬಿಡಿ. ಟ್ಯಾಕ್ಸಿ ಮಾಡುವಾಗಲೇ ಕಟ್ಟಿದ್ದ ಐಸ್ ಇದ್ದರೆ ಮುಳ್ಳು ಇಳಿದು ಮತ್ತೆ ಏರುವುದು ಅಲ್ಲೇ ಕಾಣುತ್ತದೆ. ದೂಳಿನ ಜಾಗದಲ್ಲಿ ಮಾತ್ರ ಬೇಡ, ಆ ಗಾಳಿಗೆ ಫಿಲ್ಟರ್ ಇಲ್ಲ. ಇಳಿಯುವಾಗ ಥ್ರಾಟಲ್ ಹಿಂದಕ್ಕೆ ತರುವ ಮುಂಚೆಯೇ ಹೀಟ್ ಎಳೆಯಿರಿ, ಎಕ್ಸಾಸ್ಟ್ ಇನ್ನೂ ಬಿಸಿ ಇರುವಾಗ. ಗೋ-ಅರೌಂಡ್ ಆದರೆ ಥ್ರಾಟಲ್ ಪೂರ್ತಿ ಕೊಟ್ಟ ಕೂಡಲೇ ಹೀಟ್ ಒಳಗೆ ತಳ್ಳಿ. ಜಕ್ಕೂರಿನ ಎತ್ತರದಲ್ಲಿ ಎಂಜಿನ್ ಮೊದಲೇ ಸೊರಗಿರುತ್ತದೆ, ಬಿಸಿ ಗಾಳಿ ಇನ್ನಷ್ಟು ಪವರ್ ತಿನ್ನುವುದಕ್ಕೆ ಅಲ್ಲಿ ಜಾಗ ಇಲ್ಲ.