ಒಂದು ಮ್ಯಾಟ್, ಎರಡು ಹಣ

*ಸಂಪಾದಕರೇ, ನಾನು ಹೋಗುವ ಫಿಟ್ನೆಸ್ ಸ್ಟುಡಿಯೋದಲ್ಲಿ ₹4,500ಕ್ಕೆ ಹತ್ತು ಕ್ರೆಡಿಟ್, ಒಂದು ಕ್ಲಾಸಿಗೆ ಒಂದು. ಬೆಳಗ್ಗೆ 6.30ರ ಕ್ಲಾಸಿಗೆ 14 ಮ್ಯಾಟ್, ಎಲ್ಲವೂ ಬುಕ್ ಆಗಿ ಇಬ್ಬರು ವೇಟ್‌ಲಿಸ್ಟ್‌ನಲ್ಲಿದ್ದರು. ಸಂಜೆ ನಾಲ್ಕರಿಂದಲೇ ಮಗನ ಮೈ ಬಿಸಿಯಿತ್ತು. ರಾತ್ರಿ 9ಕ್ಕೆ ಕ್ಯಾನ್ಸಲ್ ಮಾಡಿದೆ. 12 ಗಂಟೆ ಮೊದಲು ತಿಳಿಸಲಿಲ್ಲವೆಂದು ಒಂದು ಕ್ರೆಡಿಟ್ ಕಳೆದರು. ಬೆಳಗ್ಗೆ ನನ್ನ ಜಾಗದಲ್ಲಿ ₹600 ಕೊಟ್ಟು ಆ ಒಂದು ಕ್ಲಾಸಿಗಷ್ಟೇ ಬಂದ ಡ್ರಾಪ್-ಇನ್ ಒಬ್ಬರಿದ್ದರಂತೆ. ಇದು ಸರಿಯೇ?*
*— ಓದುಗರೊಬ್ಬರು, ಜಯನಗರ*

ಸರಿಯಲ್ಲ ತಾಯಿ. ₹450 ತಾನೇ ಎಂದು ಸುಮ್ಮನಾಗದೆ ಕೇಳಿದ್ದೀರಲ್ಲ, ಅದು ನನಗೆ ಬಹಳ ಹಿಡಿಸಿತು.

ಸ್ಟುಡಿಯೋದವರ ಪಾಡನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೈ ಚಾಚಿದರೆ ಪಕ್ಕದವರಿಗೆ ತಾಗಬಾರದು, ಪ್ರತಿಯೊಬ್ಬರ ಮಂಡಿ, ಬೆನ್ನು ಟೀಚರ್ ಕಣ್ಣಿಗೆ ಬೀಳಬೇಕು. ಅದಕ್ಕೇ 14ರ ಮಿತಿ. ಒಂದು ಮ್ಯಾಟ್ ಖಾಲಿ ಬಿದ್ದರೂ ಬಾಡಿಗೆ, ಟೀಚರ್ ಸಂಬಳ ಇಳಿಯುವುದಿಲ್ಲ. ಹಾಗಾಗಿ ಕ್ಯಾನ್ಸಲ್ ಮಾಡಲು ಒಂದು ಗಡುವು ಬೇಕು, ಒಪ್ಪೋಣ.

ಆದರೆ ನಿಮ್ಮ ಮ್ಯಾಟ್ ಖಾಲಿ ಬೀಳಲಿಲ್ಲವಲ್ಲ! ನಿಮ್ಮಿಂದ ₹450, ಡ್ರಾಪ್-ಇನ್‌ನಿಂದ ₹600, ಒಂದೇ ಮ್ಯಾಟ್‌ಗೆ ಒಟ್ಟು ₹1,050 ಬಂತು. ನಷ್ಟವೇ ಆಗದ ಕಡೆ ನಷ್ಟ ತುಂಬಿಸಿಕೊಳ್ಳುವುದು ಎಲ್ಲಿಯ ನ್ಯಾಯ? ಕರಾರು ಮುರಿದಾಗ ಆಗುವ ನಷ್ಟಕ್ಕೂ ಹಾಕುವ ದಂಡಕ್ಕೂ ತಾಳೆಯೇ ಇಲ್ಲದ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರಿನ ಲಕ್ಷಣಗಳಲ್ಲಿ ಒಂದೆಂದು ಎಣಿಸುತ್ತದೆ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ವೇಟ್‌ಲಿಸ್ಟ್‌ನಲ್ಲಿದ್ದ ಆ ಇಬ್ಬರು. ಸಾಮಾನ್ಯವಾಗಿ ಗಡುವಿನವರೆಗೆ, ಅಂದರೆ ನಿಮ್ಮಲ್ಲಿ ಸಂಜೆ 6.30ರವರೆಗೆ, ಯಾರಾದರೂ ಬಿಟ್ಟ ಜಾಗ ವೇಟ್‌ಲಿಸ್ಟ್‌ನ ಮೊದಲಿನವರಿಗೆ ತಾನಾಗಿ ಸಿಗುತ್ತದೆ. ಆಮೇಲೆ ಹಾಗೆ ಮಾಡುವುದಿಲ್ಲ. ಮಲಗಿರುವವರಿಗೆ ರಾತ್ರಿ ಜಾಗ ಕೊಟ್ಟು, ಬೆಳಗ್ಗೆ ಬರಲಿಲ್ಲವೆಂದು ಅವರ ಕ್ರೆಡಿಟ್ ಕಳೆಯುವಂತಾಗಬಾರದು ನೋಡಿ. ಅಲ್ಲಿಯವರೆಗೆ ಸರಿಯೇ. ಆದರೆ 'ಒಂದು ಜಾಗ ಖಾಲಿಯಾಗಿದೆ, ಮೊದಲು ಒಪ್ಪಿದವರಿಗೆ' ಎಂದು ಇಬ್ಬರಿಗೂ ಒಂದು ಮೆಸೇಜ್ ಹಾಕಲು ಏನು ಕಷ್ಟವಿತ್ತು? ಕಾರಣ ಇಷ್ಟೇ: ಅವರ ಕ್ರೆಡಿಟ್‌ನ ಹಣ ಎಂದೋ ಪೆಟ್ಟಿಗೆ ಸೇರಿದೆ, ಅವರನ್ನು ಕರೆದರೆ ಅಂದು ಹೊಸದಾಗಿ ಒಂದು ಪೈಸೆಯೂ ಬರುವುದಿಲ್ಲ. ಬಾಗಿಲಿಗೆ ಬರುವವರಿಂದ ₹600 ಬರುತ್ತದೆ. ಮುಂಗಡ ಕೊಟ್ಟು ಕಾಯುವವರನ್ನು ಹಿಂದಕ್ಕೆ ತಳ್ಳುವುದು ಇಲ್ಲಿಯೇ.

ಇನ್ನೊಂದು ತಪ್ಪು ಲೆಕ್ಕವಿದೆ. ರಾತ್ರಿ 9ಕ್ಕೆ ತಿಳಿಸಿದವರಿಗೂ ತಿಳಿಸದೆ ಮಲಗಿದವರಿಗೂ ಒಂದೇ ಕ್ರೆಡಿಟ್ ಹೋಗುವುದಾದರೆ, ಗಡುವು ಕಳೆದ ಮೇಲೆ ತಿಳಿಸುವುದೇಕೆ? ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಊರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗವನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಅದು ಪ್ರಕಟವಾದದ್ದು 2000ದಲ್ಲಿ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ 10 ಶೆಕೆಲ್ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಸುಮಾರು ಎರಡು ಪಟ್ಟಾದರು. ಮೊದಲು ಟೀಚರ್ ಕಾಯುತ್ತಾರಲ್ಲ ಎಂಬ ಸಂಕೋಚವಿತ್ತು, ಈಗ ಹಣ ಕೊಟ್ಟಾಯಿತಲ್ಲ ಎಂಬ ನಿರಾಳ. ದಂಡ ತೆಗೆದ ಮೇಲೂ ಆ ಸಂಕೋಚ ಮರಳಲಿಲ್ಲ. ನಿಮ್ಮ ಸ್ಟುಡಿಯೋ ಕೂಡ ತಿಳಿಸುವ ಸೌಜನ್ಯವನ್ನು ಹೀಗೆಯೇ ಕಳೆದುಕೊಳ್ಳುತ್ತದೆ.

ನಿಮಗೂ ಒಂದು ಮಾತು ಹೇಳಲೇಬೇಕು, ಬೇಸರಪಡಬೇಡಿ. ಮೈ ಬಿಸಿ ನಾಲ್ಕಕ್ಕೇ ಗೊತ್ತಾಗಿತ್ತು. ಜ್ವರ ಇಳಿದೀತೆಂದು ಕಾದದ್ದು ತಾಯಿಯ ಮನಸ್ಸು, ಅರ್ಥವಾಗುತ್ತದೆ. ಆದರೆ ಆರು ಗಂಟೆಗೆ ಬಿಟ್ಟುಕೊಟ್ಟಿದ್ದರೆ ಕ್ರೆಡಿಟ್ ಉಳಿಯುತ್ತಿತ್ತು, ವೇಟ್‌ಲಿಸ್ಟ್‌ನವರಿಗೂ ಜಾಗ ಸಿಗುತ್ತಿತ್ತು.

ನಮ್ಮ ಬೆಂಗಳೂರಿನಲ್ಲಿ ಮುಂಗಡ ಎಂದರೆ ಮರೆತುಬಿಡಬೇಕಾದ ಹಣ ಎಂಬಂತಾಗಿದೆ. ನಮ್ಮ ಮನೆಯ ಒಂದು ನಾಮಕರಣ ಮುಂದಕ್ಕೆ ಹೋದಾಗ ಕಲ್ಯಾಣ ಮಂಟಪದವರು ಪೂರ್ತಿ ಮುಂಗಡ ಇಟ್ಟುಕೊಂಡರು. ಅದೇ ದಿನ ಆ ದಾರಿಯಲ್ಲಿ ಹೋಗುವಾಗ ನೋಡಿದರೆ ಬಾಗಿಲಿಗೆ ಮಾವಿನ ತೋರಣ, ಒಳಗೆ ಬೇರೆಯವರ ಉಪನಯನ. ಕೇಳಿದರೆ, 'ರೂಲ್ಸ್ ಸಾರ್' ಎಂದರು. ಅಂದಿನಿಂದ ಆ ಪದ ಕೇಳಿದರೇ ನನಗೆ ಮೈ ಉರಿಯುತ್ತದೆ.

ನೀವು ಸ್ಟುಡಿಯೋಗೆ ಬರೆದು ಎರಡೇ ಬದಲಾವಣೆ ಕೇಳಿ. ಗಡುವಿನ ನಂತರ ಬಿಟ್ಟ ಜಾಗ ಯಾರಿಂದಲಾದರೂ ತುಂಬಿದರೆ ಬಿಟ್ಟವರ ಕ್ರೆಡಿಟ್ ಮರಳಬೇಕು. ಖಾಲಿ ಉಳಿದರೆ ಮಾತ್ರ ಹೋಗಲಿ. ಎರಡನೆಯದು, ಖಾಲಿಯಾದ ಜಾಗವನ್ನು ಮೊದಲು ವೇಟ್‌ಲಿಸ್ಟ್‌ನವರಿಗೆ ತಿಳಿಸಿ, ಅವರು ಒಪ್ಪದಿದ್ದರೆ ಡ್ರಾಪ್-ಇನ್‌ಗೆ ಕೊಡಬೇಕು. ನೀವು 9ಕ್ಕೆ ಕ್ಯಾನ್ಸಲ್ ಮಾಡಿದ್ದು ಕಾಣುವ ಸ್ಕ್ರೀನ್‌ಶಾಟ್ ಜೊತೆಗಿಡಿ. ಅಂದು 14 ಮ್ಯಾಟ್‌ಗಳೂ ತುಂಬಿದ್ದವೇ ಎಂಬುದಕ್ಕೆ ಅವರದೇ ಹಾಜರಿ ಪಟ್ಟಿ ಇರುತ್ತದೆ, ಅದನ್ನು ತೋರಿಸಲು ಕೇಳಿ.